"ಬಂದಷ್ಟು ನೀವೇ ಕಟ್ಟಿ" ಅಂದರೆ ಎಷ್ಟು?

"ಮುಂದಿನ ವಾರ ಹೊಸ ಫ್ಲಾಟಿನ ಅಗ್ರಿಮೆಂಟ್. ಬಾಡಿಗೆ 26 ಸಾವಿರ. ನೀರು, ಕರೆಂಟು, ಗ್ಯಾಸು, ಮೇಂಟೆನೆನ್ಸ್ ಎಲ್ಲ 'ಅಸೋಸಿಯೇಷನ್‌ನಿಂದ ಬಂದಷ್ಟು ಬಾಡಿಗೆದಾರರೇ ಕಟ್ಟಬೇಕು' ಅಂತ ಓನರ್ ಬರೆಸಿದಾರೆ. ನಮ್ಮ 45 ಕುಂಡಕ್ಕೆ ಬಾಲ್ಕನಿ ಹೇಳಿ ಮಾಡಿಸಿದ ಹಾಗಿದೆ, ಬೆಳಗಿನ ಬಿಸಿಲೂ ಬರುತ್ತೆ. ಸಹಿ ಹಾಕಿಬಿಡಲಾ?"

ಅಕ್ಕ, ತಡೀರಿ. ಆ "ಬಂದಷ್ಟು" ಥರದ ಒಂದು ಸಾಲಿಗೇ ನಾನು 17,700 ರೂಪಾಯಿ ಕಳೆದುಕೊಂಡಿದ್ದು. ನಾನೂ ನಿಮ್ಮ ಹಾಗೇ ಬಾಲ್ಕನಿ ನೋಡಿ ಮರುಳಾಗಿದ್ದೆ.

ನಮ್ಮದು ಬೆಂಗಳೂರಿನಲ್ಲಿ 1,180 ಚದರಡಿ ಫ್ಲಾಟು. ಮೇಂಟೆನೆನ್ಸ್ ಚದರಡಿಗೆ 3.50, ಅಂದರೆ ತಿಂಗಳಿಗೆ 4,130. ನೀರಿಗೆ ಸುಮಾರು 450. ಒಟ್ಟು 4,580 ಅಂತ ಓನರ್ ಬಾಯಲ್ಲಿ ಹೇಳಿದರು, ನಾನು ತಲೆಯಾಡಿಸಿದೆ. ಕಾಗದದಲ್ಲಿ ಇದ್ದಿದ್ದು ಮಾತ್ರ "ಅಸೋಸಿಯೇಷನ್ ವಿಧಿಸುವ ಎಲ್ಲ ಶುಲ್ಕ". 2024ರ ಏಪ್ರಿಲ್ ಬಿಲ್ಲು ಬಂತು ನೋಡಿ, 11,930! ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸಿದ್ದರಿಂದ ನೀರೇ 1,900 ಆಗಿತ್ತು. ಮಿಕ್ಕಿದ 5,900 ಏನು ಅಂತ ಕೇಳಿದರೆ, ಇಡೀ ಕಟ್ಟಡಕ್ಕೆ ಬಣ್ಣ ಹೊಡೆಸಲು ಚದರಡಿಗೆ 15 ರೂಪಾಯಿಯಂತೆ, ಮೂರು ಕಂತಿನಲ್ಲಿ ಮೊದಲನೆಯದು. ಅವರ ಆಸ್ತಿಗೆ ಬಣ್ಣ, ನನ್ನ ದುಡ್ಡು! ನಾನು ಕಟ್ಟಲ್ಲ ಅಂದೆ. ಓನರ್ ಜಗಳ ಮಾಡಲಿಲ್ಲ, ಸುಮ್ಮನಾದರು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮೂರೂ ಕಂತು ಮುರಿದುಕೊಂಡು ಆ ಸಾಲಿಗೆ ಬೆರಳಿಟ್ಟು ತೋರಿಸಿದರು. ಸಹಿ ನನ್ನದೇ, ಏನು ಮಾತಾಡೋದು?

ಅದಕ್ಕೇ ಈಗ ನಾನು ಮಾಡೋದು ಒಂದೇ ಕೆಲಸ. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಹಿಂದಿನ ಅಸೋಸಿಯೇಷನ್ ಬಿಲ್ಲು ಕೇಳ್ತೀನಿ. ಮೊತ್ತ ಮಾತ್ರ ಕಾಣುವ ಸ್ಕ್ರೀನ್‌ಶಾಟ್ ಅಲ್ಲ, ಒಳಗಿನ ಸಾಲುಗಳು ಕಾಣುವ ಪೂರ್ತಿ ಬಿಲ್ಲು. ಮೂರು ಬಿಲ್ಲು ಸಾಕು, ಆದರೆ ಅದರಲ್ಲಿ ಒಂದು ಏಪ್ರಿಲ್ ಅಥವಾ ಮೇ ತಿಂಗಳದ್ದಾಗಿರಲಿ. ಮಳೆಗಾಲದ ಬಿಲ್ಲು ತೋರಿಸಿ ಬೇಸಿಗೆಯಲ್ಲಿ ಕುತ್ತಿಗೆಗೆ ತರುವವರೇ ಜಾಸ್ತಿ. ಅಸೋಸಿಯೇಷನ್ ಬಿಲ್ಲಿನ ಆ್ಯಪ್ ಮೈಗೇಟ್ ಇರಲಿ, ಅಡ್ಡಾ ಇರಲಿ, ಓನರ್ ಫೋನಲ್ಲಿ ಎರಡು ನಿಮಿಷದ ಕೆಲಸ. (ಓದೋಕೆ ನನಗೆ ಅಡ್ಡಾದ ಬಿಲ್ಲೇ ಸಲೀಸು. ನನ್ನ ಹೆಂಡತಿ ಒಪ್ಪಲ್ಲ.) "ಅಯ್ಯೋ ಅದೆಲ್ಲ ಯಾಕೆ" ಅಂತ ನುಣುಚಿಕೊಂಡರೆ ಅರ್ಥ ಮಾಡ್ಕೊಳ್ಳಿ.

ಬಿಲ್ಲಿನ ಒಂದೊಂದು ಸಾಲಿಗೂ "ಇದು ನಾನು ಮನೆ ಬಿಟ್ಟ ಮೇಲೂ ಓನರ್‌ಗೆ ಉಳಿಯುತ್ತಾ?" ಅಂತ ಕೇಳಿಕೊಳ್ಳಿ. ಕಟ್ಟಡದ ದೊಡ್ಡ ಖರ್ಚಿಗೆ ಅಂತ ಕೂಡಿಡುವ ಕಾರ್ಪಸ್ ಫಂಡು, ಬಣ್ಣ, ಲಿಫ್ಟ್ ಬದಲಾವಣೆ, ಹೊಸ ಬೋರ್‌ವೆಲ್, ಹಳೇ ಬಾಕಿ, ಆಸ್ತಿ ತೆರಿಗೆ ಎಲ್ಲ ಅವರದು. ಸೆಕ್ಯುರಿಟಿ, ಕಸ, ಲಿಫ್ಟಿನ ಕರೆಂಟು, ನೀರು ನಮ್ಮದು. ಸಾಮಾನು ಇಳಿಸುವ ದಿನ ಅಸೋಸಿಯೇಷನ್ ಕೇಳುವ ಮೂವ್-ಇನ್ ದುಡ್ಡು ಮಾತ್ರ ಆಚೆ ಈಚೆ ಓಲಾಡುತ್ತೆ, ಅದನ್ನು ಮೊದಲೇ ಮಾತಾಡಿ. ಲೇಟ್ ಫೀಯನ್ನೂ ಮರೀಬೇಡಿ. ಬಿಲ್ಲು ಓನರ್ ಆ್ಯಪಿಗೆ ಬರುತ್ತೆ, ಅವರು 20 ದಿನ ಬಿಟ್ಟು ನಮಗೆ ಕಳಿಸ್ತಾರೆ, ಬಡ್ಡಿ ನಮ್ಮ ತಲೆಗೆ. ಕೀ ತಗೊಳ್ಳುವ ದಿನವೇ ನಿಮ್ಮನ್ನು ಬಾಡಿಗೆದಾರರಾಗಿ ಆ್ಯಪಿಗೆ ಸೇರಿಸೋಕೆ ಹೇಳಿ.

ನಾನು ಈಗ ಬರೆಸುವ ಸಾಲು ಇದು: "ತಿಂಗಳ ಮೇಂಟೆನೆನ್ಸ್ ಇಂದಿಗೆ ಇಷ್ಟು ರೂಪಾಯಿ, ನೀರು ಪ್ರತ್ಯೇಕ, ಇವೆರಡನ್ನು ಬಾಡಿಗೆದಾರರು ಕಟ್ಟತಕ್ಕದ್ದು. ಇವುಗಳ ಹೊರತು ಅಸೋಸಿಯೇಷನ್ ಕೇಳುವ ಯಾವುದೇ ಮೊತ್ತ ಮಾಲೀಕರದು." ಅಗ್ರಿಮೆಂಟ್ ಟೈಪ್ ಮಾಡುವವರ ಹತ್ತಿರ ಹಳೇ ನಮೂನೆಯೇ ಇರುತ್ತೆ, ಹೆಸರು ಬದಲಿಸಿ ಕೊಡ್ತಾರೆ. ಪಕ್ಕದಲ್ಲಿ ಕೂತು ಬದಲಾಯಿಸಬೇಕು. ವಾಟ್ಸಾಪಿನಲ್ಲಿ "ಓಕೆ" ಅಂದಿದ್ದು ಸಾಕು ಅಂತ ಬಿಡಬೇಡಿ, ದಯವಿಟ್ಟು.

ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಗೃಹಜ್ಯೋತಿ ಇದೆಯಲ್ಲ, ಕರೆಂಟಿನ ಚಿಂತೆ ಬೇಡ" ಅಂದಿದಾರೆ. ಅರ್ಧ ಸರಿ ಸರ್. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. 200ರ ಒಳಗಿದ್ದರೂ ನಿಮ್ಮ ಹೆಸರಿಗೆ ನಿಗದಿಯಾದ ಯೂನಿಟ್‌ಗಿಂತ ಹೆಚ್ಚಾಗಿದ್ದಕ್ಕೆ ದುಡ್ಡುಂಟು. ಇನ್ನೊಂದು ತೊಡಕು, ಆ ಮನೆಯ ಕರೆಂಟು ಕನೆಕ್ಷನ್ನಿನ ಆರ್‌ಆರ್ ನಂಬರಿಗೆ ಹಳೇ ಬಾಡಿಗೆದಾರರ ಆಧಾರ್ ಇನ್ನೂ ಅಂಟಿಕೊಂಡಿರಬಹುದು. ಅದನ್ನು ಸೇವಾ ಸಿಂಧುವಿನಲ್ಲಿ ಬಿಡಿಸಿದ ಮೇಲೆ ನೀವು ಅರ್ಜಿ ಹಾಕಬೇಕು. ನಿಮ್ಮ ಹಳೇ ಮನೆಯದ್ದನ್ನೂ ಬಿಡಿಸಿಕೊಂಡು ಬನ್ನಿ. ಬೆಸ್ಕಾಂ ಬಿಲ್ಲಿನಲ್ಲಿ ಆಗಾಗ ಹೆಚ್ಚುವರಿ ಭದ್ರತಾ ಠೇವಣಿ ಅಂತ ಒಂದು ಮೊತ್ತ ಬರುತ್ತೆ. ಅದು ಕನೆಕ್ಷನ್ ಜೊತೆ ಉಳಿಯುವ ದುಡ್ಡು, ಓನರ್ ಕಟ್ಟಲಿ. ಜನರೇಟರ್ ಕರೆಂಟಿಗೆ ಯೂನಿಟ್‌ಗೆ ಎಷ್ಟು ಅಂತ ಬೇರೆ ಕೇಳಿ, ಅದು ಬೆಸ್ಕಾಂ ದರಕ್ಕಿಂತ ತುಂಬ ಜಾಸ್ತಿ.

ಗ್ಯಾಸು ಪೈಪಿನದ್ದೋ ಸಿಲಿಂಡರೋ ನೀವು ಹೇಳಿಲ್ಲ. ಪೈಪಿನದ್ದಾದರೆ ಕನೆಕ್ಷನ್ ಠೇವಣಿ ಓನರ್‌ದು, ಬಳಸಿದ್ದು ನಿಮ್ಮದು. ನಿಮ್ಮ ಸಿಲಿಂಡರ್ ಒಲೆಯನ್ನು ಹಾಗೇ ಜೋಡಿಸೋಕೆ ಆಗಲ್ಲ, ಬರ್ನರಿನ ಜೆಟ್ ಬದಲಿಸಬೇಕು. ಆ ಖರ್ಚು ಯಾರದು ಅಂತ ಈಗಲೇ ಕೇಳಿ. ಕರೆಂಟು, ಗ್ಯಾಸು, ನೀರು ಮೂರೂ ಮೀಟರಿನ ಫೋಟೋ ಕೀ ತಗೊಂಡ ದಿನವೇ ತೆಗೆದು ಓನರ್‌ಗೆ ಕಳಿಸಿ.

ಇನ್ನೊಂದು ಕಾಮೆಂಟಿನಲ್ಲಿ ಮೈಸೂರಿನ ಅಕ್ಕ "45 ಕುಂಡ ಇಟ್ಟರೆ ನೀರಿನ ಬಿಲ್ಲು ಹರಿದುಹೋಗುತ್ತೆ" ಅಂತ ಹೆದರಿಸಿದಾರೆ. ಅವರದು ಸ್ವಂತ ಮನೆ, ತಾರಸಿಯಲ್ಲಿ ದೊಡ್ಡ ಡ್ರಮ್ಮುಗಳು. ನಿಮ್ಮ ಲೆಕ್ಕ ಬೇರೆ. ಒಂದು ಕುಂಡಕ್ಕೆ ದಿನಕ್ಕೆ ಒಂದೂವರೆ ಲೀಟರ್ ಅಂದರೂ ತಿಂಗಳಿಗೆ ಸುಮಾರು 2,000 ಲೀಟರ್. 2024ರ ಮಾರ್ಚಿನಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿ.ಮೀ. ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ನಿಗದಿ ಮಾಡಿತ್ತು. ಆ ದರ ಹಿಡಿದರೂ ನಿಮ್ಮ ಕುಂಡಗಳ ಪಾಲು 170 ರೂಪಾಯಿ ಆಸುಪಾಸು. ನಿಜವಾಗಿ ದುಡ್ಡು ತಿನ್ನೋದು ಸೋರುವ ಫ್ಲಶ್. ಕಮೋಡಿನ ಟ್ಯಾಂಕಿಗೆ ಎರಡು ಹನಿ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಬಟ್ಟಲಿಗೆ ಬಣ್ಣ ಇಳಿದರೆ ಸೋರ್ತಿದೆ ಅಂತ. ಮನೆ ನೋಡೋಕೆ ಹೋದಾಗಲೇ ಮಾಡಿ, ಯಾರೂ ಬೈಯಲ್ಲ. ಗೋಡೆಯೊಳಗಿನ ಟ್ಯಾಂಕು ಸೋರಿದರೆ ಆ ನೀರಿನ ದುಡ್ಡು ಯಾರು ಕೊಡಬೇಕು ಅನ್ನೋದು ನನ್ನ ಈಗಿನ ಓನರ್ ಜೊತೆ ಇನ್ನೂ ತೀರ್ಮಾನ ಆಗಿಲ್ಲ.

ಫ್ಲಾಟಿಗೆ ಬೇರೆ ನೀರಿನ ಮೀಟರ್ ಇದೆಯಾ, ಇಲ್ಲ ಎಲ್ಲರಿಗೂ ಸಮನಾಗಿ ಹಂಚ್ತಾರಾ ಅನ್ನೋದು ಮುಖ್ಯ. ಮೀಟರ್ ಇದ್ದರೂ ಅಡುಗೆಮನೆ, ಬಾತ್‌ರೂಮ್, ಯುಟಿಲಿಟಿಗೆ ಒಂದೊಂದು ಇರಬಹುದು, ಎಲ್ಲದರ ಫೋಟೋ ಬೇಕು. ಸಮನಾಗಿ ಹಂಚಿದರೆ ಕುಂಡದ ಖರ್ಚು ಬಿಲ್ಲಲ್ಲಿ ಕಾಣೋದೇ ಇಲ್ಲ, ಆದರೆ ಬೇಸಿಗೆಯಲ್ಲಿ ಪಕ್ಕದ ಮನೆಯವರ ಕಣ್ಣು ನಿಮ್ಮ ಬಾಲ್ಕನಿ ಮೇಲೇ ಇರುತ್ತೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿದೆ ಅಲ್ವಾ? ಎಸ್‌ಟಿಪಿ ನೀರಿನ, ಅಂದರೆ ಶುದ್ಧೀಕರಿಸಿದ ಕೊಳಚೆ ನೀರಿನ ನಲ್ಲಿ ಕೆಳಗಿದೆಯಾ, ಬಾಡಿಗೆದಾರರು ಕ್ಯಾನಿನಲ್ಲಿ ತಗೊಂಡು ಹೋಗಬಹುದಾ ಅಂತ ಅಸೋಸಿಯೇಷನ್ ಮ್ಯಾನೇಜರನ್ನೇ ಕೇಳಿ. ದಾಸವಾಳ, ಕ್ರೋಟನ್‌ಗೆ ನಾನು ಅದನ್ನೇ ಹಾಕ್ತೀನಿ. ಸೊಪ್ಪಿಗೆ ಬೇಡ. ಆರ್‌ಓ ಬಿಡುವ ಉಪ್ಪು ನೀರನ್ನಂತೂ ಕುಂಡಕ್ಕೆ ಸುರೀಲೇಬೇಡಿ, ನನ್ನ ಎರಡು ನಿಂಬೆ ಗಿಡದ ಎಲೆ ತುದಿ ಸುಟ್ಟಿದ್ದು ಹಾಗೇ.

ಬಿಲ್ಲು ಸಿಕ್ಕರೆ ಫ್ಲಾಟ್ ನಂಬರು ಅಳಿಸಿ ಇಲ್ಲಿ ಹಾಕಿ, ಯಾವ ಸಾಲು ಯಾರದು ಅಂತ ನೋಡೋಣ.