ಬಲೂನಿನಲ್ಲಿ ಜಾಗ ತಿನ್ನೋದು ವಾಕ್ಯವಲ್ಲ, ಕೊನೆಯ ಕ್ರಿಯಾಪದ

"ಇಂಗ್ಲಿಷ್ ಕಾಮಿಕ್ಸ್ ಒಂದನ್ನು ಕನ್ನಡಕ್ಕೆ ಮಾಡ್ತಿದ್ದೀನಿ. ಮಾತಿನ ಬಲೂನುಗಳು ತುಂಬಾ ಚಿಕ್ಕವು, ಕನ್ನಡ ಹಿಡಿಸೋದೇ ಇಲ್ಲ. ಅಕ್ಷರ ಸಣ್ಣ ಮಾಡದೆ ಹೇಗೆ ಕೂರಿಸೋದು?"

ಮೊದಲು ಒಂದು ಬಲೂನನ್ನು ಸರಿಯಾಗಿ ನೋಡಿ. ಅದು ಮೊಟ್ಟೆ ಥರ ಇರುತ್ತೆ, ಮೇಲೆ ಕೆಳಗೆ ಕಿರಿದು, ನಡುವೆ ಅಗಲ. ಕನ್ನಡ ವಾಕ್ಯ ಹೇಗಿರುತ್ತೆ? ಸಾಮಾನ್ಯವಾಗಿ ಚಿಕ್ಕ ಪದಗಳು ಮೊದಲು ಬರುತ್ತವೆ, ಅತಿ ಉದ್ದದ ಪದ, ಅಂದರೆ ಕ್ರಿಯಾಪದ, ಕೊನೆಗೆ. ಹಾಗಾಗಿ ಅದು ಬಲೂನಿನ ಅತಿ ಕಿರಿದಾದ ಜಾಗಕ್ಕೇ ಬಂದು ಬೀಳುತ್ತೆ. ಒಂದು ಪದ ಹಿಡಿಸಲಿಲ್ಲ ಅಂತ ನಾವು ಇಡೀ ಬಲೂನಿನ ಅಕ್ಷರ ಸಣ್ಣ ಮಾಡುತ್ತೇವೆ. ನಾನೂ ಶುರುವಿನಲ್ಲಿ ಪುಟಗಟ್ಟಲೆ ಹೀಗೇ ಮಾಡಿ, ಆಮೇಲೆ ಅಷ್ಟನ್ನೂ ಮತ್ತೆ ಕೂರಿಸಿದ್ದೇನೆ.

ಒಂದು ಉದಾಹರಣೆ ತಗೊಳ್ಳಿ. ಬಾಗಿಲ ಬಳಿ ನಿಂತ ಗೆಳೆಯನಿಗೆ ಒಬ್ಬಳು ಗಾಬರಿಯಿಂದ ಹೇಳುತ್ತಿದ್ದಾಳೆ. ಮೂಲವನ್ನು ಪದಕ್ಕೆ ಪದ ಇಟ್ಟರೆ "ನೀನು ಈಗ ನಮ್ಮನ್ನು ಬಿಟ್ಟು ಹೋಗಲು ಸಾಧ್ಯವಿಲ್ಲ! ಅವನು ಈಗಾಗಲೇ ಇಲ್ಲಿಗೆ ಬಂದುಬಿಟ್ಟಿದ್ದಾನೆ!" ಅಂತಾಗುತ್ತೆ. 10 ಪದ. ಗಾಬರಿಯಾದವರು ಹೀಗೆ ಮಾತಾಡುವುದಿಲ್ಲ, ಅಲ್ವಾ? "ನೀನು" ಬೇಡ, ಬಲೂನಿನ ಬಾಲ ಮತ್ತು ಆಕೆಯ ನೋಟವೇ ಅದನ್ನು ಹೇಳುತ್ತೆ. "ನಮ್ಮನ್ನು", "ಇಲ್ಲಿಗೆ" ಎರಡೂ ಚಿತ್ರದಲ್ಲೇ ಇವೆ. ಉಳಿಯೋದು ಇಷ್ಟು:

ಈಗ
ಬಿಟ್ಟು ಹೋಗ್ಬೇಡ!
ಬಂದೇಬಿಟ್ಟ
ಅವನು!

"ಬಂದುಬಿಟ್ಟಿದ್ದಾನೆ" 6 ಅಕ್ಷರ, "ಬಂದೇಬಿಟ್ಟ" 4. ಆದರೆ ನಿಜವಾದ ಲಾಭ ಅದಲ್ಲ. ಕ್ರಿಯಾಪದ ಮುಂದೆ ಬಂದು ಅಗಲವಾದ ಜಾಗದಲ್ಲಿ ಕೂತಿತು, "ಅವನು" ಕೆಳಗಿನ ಕಿರಿದಾದ ಸಾಲಿಗೆ ಹೋಯಿತು. ಮಾತಿನಲ್ಲಿ ನಾವು "ಎಲ್ಲಿಗೆ ಹೊರಟೆ ನೀನು?", "ಗೊತ್ತಿಲ್ಲ ನಂಗೆ" ಅಂತ ಸಹಜವಾಗಿಯೇ ಹೇಳುತ್ತೇವೆ, ಆದ್ದರಿಂದ ಈ ತಿರುವು ಎಲ್ಲೂ ಕೃತಕ ಅನ್ನಿಸುವುದಿಲ್ಲ. ಕೊನೆಯ ಸಾಲಿಗೆ ಕರೆಯುವ ಪದವನ್ನೂ ಹಾಕಬಹುದು, "ಅಮ್ಮಾ", "ಕಣೋ", "ಮಾರಾಯ", ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನೋದರ ಮೇಲೆ.

ಇಲ್ಲೊಂದು ಎಚ್ಚರಿಕೆ. ಆಡುಮಾತು ಅಗಲ ಉಳಿಸುತ್ತೆ, ಆದರೆ ಎತ್ತರ ಜಾಸ್ತಿ ಕೇಳುತ್ತೆ. "ಹೋಗಬೇಡ" ಅನ್ನೋದು "ಹೋಗ್ಬೇಡ" ಆದಾಗ ಒಂದು ಅಕ್ಷರ ಕಮ್ಮಿಯಾಗಿ ಒಂದು ಒತ್ತು ಕೆಳಗೆ ಇಳಿಯಿತು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ದೊಡ್ಡಕ್ಷರ, ಕೆಳಗೆ ಇಳಿಯುವ ಬಾಲವೇ ಇಲ್ಲ, ಅದಕ್ಕೇ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಅದೇ ಅಂತರ ಇಟ್ಟರೆ ನಮ್ಮ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತೆ. ನಾನು ಅಕ್ಷರದ ಅಳತೆಯ ಸುಮಾರು 130% ಸಾಲಿನ ಅಂತರದಿಂದ ಶುರು ಮಾಡಿ, ಒತ್ತಿಲ್ಲದ ಬಲೂನಿನಲ್ಲಿ ಸ್ವಲ್ಪ ಬಿಗಿ ಮಾಡುತ್ತೇನೆ. ಒಂದೆರಡು ಕಡೆ ಮಾತ್ರ ತಾಗುತ್ತಿದ್ದರೆ ಅಂತರ ಮುಟ್ಟಬೇಡಿ, ಪದ ಬದಲಿಸಿ. ಮೇಲಿನ ಬಲೂನಿನಲ್ಲಿ "ಗ್ಬೇ" ಒತ್ತು ಕೆಳಗಿನ "ಬಿ"ಗೆ ತಾಗಿದರೆ ಸುಮ್ನೆ "ಹೋಗಬೇಡ" ಅಂತ ಬರೆಯಿರಿ, ಆ ಸಾಲಿಗೆ ಹೇಗೂ ಅಗಲ ಇದೆ.

ಉದ್ದದ ಪದ ಒಡೆಯಲೇಬೇಕಾದರೆ ಎರಡು ಪದ ಕೂಡಿದ ಜಾಗದಲ್ಲಿ ಒಡೆಯಿರಿ. "ಹೋಗ / ಬೇಕಾಗಿತ್ತು" ಓದಲು ಬರುತ್ತೆ, "ಹೋಗಬೇ / ಕಾಗಿತ್ತು" ಎಡವಿಸುತ್ತೆ. ಸಾಲು ಎಲ್ಲಿ ಮುರಿಯಬೇಕು ಅನ್ನೋದನ್ನ ಸಾಫ್ಟ್‌ವೇರ್‌ಗೆ ಬಿಡದೆ ನೀವೇ ಎಂಟರ್ ಒತ್ತಿ ಮಾಡಿ.

ಅಕ್ಷರವನ್ನು ಪಕ್ಕದಿಂದ ಹಿಂಡಬೇಡಿ. ಹಿಂಡಿದರೆ ನಿಂತ ಗೆರೆಗಳು ತೆಳುವಾಗಿ, ಮಲಗಿದ ಗೆರೆಗಳು ದಪ್ಪ ಉಳಿದು ಅಕ್ಷರದ ರೂಪವೇ ಕೆಡುತ್ತೆ. ಬದಲಿಗೆ ಕಿರಿದಾಗಿಯೇ ಬರೆದ ಫಾಂಟ್ ಬಳಸಿ. Noto Sans Kannada ಫಾಂಟ್‌ನಲ್ಲಿ Condensed, SemiCondensed ರೂಪಗಳಿವೆ. ಆದರೆ ಪುಸ್ತಕದುದ್ದಕ್ಕೂ ಒಂದೇ ಅಗಲ ಇರಲಿ. ಒಂದು ಬಲೂನು ಮಾತ್ರ ಕಿರಿದಾದರೆ ಆ ಪಾತ್ರ ಪಿಸುಗುಟ್ಟುತ್ತಿದೆ ಅಂತ ಓದುಗರಿಗೆ ಅನ್ನಿಸುತ್ತೆ. ಫೋಟೋಶಾಪ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಅದು ಜಾಗದ ಸಮಸ್ಯೆಯಲ್ಲ, ಸಾಮಾನ್ಯವಾಗಿ World-Ready Layout ಆಯ್ಕೆ ಆನ್ ಆಗಿರುವುದಿಲ್ಲ ಅಷ್ಟೇ.

ಇಷ್ಟಾದರೂ ಕೆಲವು ಬಲೂನು ಬಗ್ಗುವುದಿಲ್ಲ. ಹೆಸರು, ಮಂತ್ರ, ಕಥೆಗೆ ಬೇಕೇ ಬೇಕಾದ ಸುಳಿವು ಇರುವಂಥವು. ಅಲ್ಲಿ ಪದ ಕಡಿದರೆ ಮುಂದಿನ ಪುಟದಲ್ಲಿ ಕಥೆ ಮುಗ್ಗರಿಸುತ್ತೆ, ಆದ್ದರಿಂದ ಪ್ರಕಾಶಕರ ಒಪ್ಪಿಗೆ ತಗೊಂಡು ಬಲೂನನ್ನೇ ದೊಡ್ಡದು ಮಾಡಿ. ಬಾಲದ ತುದಿ ಅಲ್ಲೇ ಇರಲಿ, ಖಾಲಿ ಹಿನ್ನೆಲೆ ಇರುವ ಕಡೆಗೆ ಮಾತ್ರ ಅಂಚು ಹಿಗ್ಗಿಸಿ, ಮುಖ ಮತ್ತು ಕೈ ಮುಚ್ಚಬೇಡಿ.

ಕೊನೆಗೆ ಪುಟವನ್ನು ಓದುವ ಅಳತೆಯಲ್ಲೇ, ಪ್ರಿಂಟ್ ಹಾಕಿಯೋ ಫೋನಿನಲ್ಲೋ ನೋಡಿ, ಹಿಗ್ಗಿಸದೆ. ದ ಮತ್ತು ಧ, ಪ ಮತ್ತು ಷ ಬೇರೆ ಬೇರೆಯಾಗಿ ಕಾಣುತ್ತಿವೆಯಾ? ಇಲ್ಲವಾದರೆ ಅಕ್ಷರ ತೀರಾ ಸಣ್ಣದಾಗಿದೆ, ಆ ಬಲೂನಿನಿಂದ ಇನ್ನೊಂದು ಪದ ತೆಗೆಯಬೇಕು.