ಸುರುಳಿ ಸುತ್ತುವ ಟೀ ಶರ್ಟ್ ಬಟ್ಟೆ

"ಮಗಳಿಗೆ ಟೀ ಶರ್ಟ್ ಬಟ್ಟೆಯಲ್ಲಿ ಫ್ರಾಕ್ ಹೊಲಿದೆ. ಕತ್ತರಿಸಿದ ಕೂಡಲೇ ಅಂಚು ಸುರುಳಿ ಸುತ್ತಿತು, ಒಗೆದ ಮೇಲೆ ಗಿಡ್ಡವಾಯಿತು. ರಿಬ್ ಅಥವಾ ಇಂಟರ್‌ಲಾಕ್ ತಗೊಂಡಿದ್ರೆ ಹೀಗಾಗ್ತಿರಲಿಲ್ವಾ?"

ಅಂಚು ಸುತ್ತುತ್ತಿರಲಿಲ್ಲ. ಗಿಡ್ಡ ಮಾತ್ರ ಅವೂ ಆಗುತ್ತವೆ.

ನಿಮ್ಮದು ಸಿಂಗಲ್ ಜೆರ್ಸಿ. ಅದರಲ್ಲಿ ಎಲ್ಲ ಕುಣಿಕೆಗಳನ್ನೂ ಒಂದೇ ಕಡೆಗೆ ಎಳೆದು ಹೆಣೆದಿರುತ್ತಾರೆ. ಬಗ್ಗಿದ ನೂಲು ನೆಟ್ಟಗಾಗಲು ನೋಡುತ್ತದೆ, ತಡೆಯುವವರು ಯಾರೂ ಇಲ್ಲ. ಹಾಗಾಗಿ ಪಕ್ಕದ ಅಂಚುಗಳು ಹಿಂದಕ್ಕೆ, ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂದಕ್ಕೆ ಸುತ್ತುತ್ತವೆ. ರಿಬ್‌ನಲ್ಲಿ ಒಂದು ಸಾಲು ಮುಂದೆ, ಒಂದು ಸಾಲು ಹಿಂದೆ. ಒಂದರ ಸೆಳೆತ ಇನ್ನೊಂದಕ್ಕೆ ವಜಾ. ಇಂಟರ್‌ಲಾಕ್ ಅಂದರೆ ಎರಡು ರಿಬ್‌ಗಳನ್ನು ಒಂದರೊಳಗೊಂದು ಸಿಕ್ಕಿಸಿ ಹೆಣೆದದ್ದು. ಹಲಗೆಯಂತೆ ಚಪ್ಪಟೆಯಾಗಿ ಬೀಳುತ್ತದೆ.

ಅಂಗಡಿಯಲ್ಲಿ ಗುರುತಿಸೋದು ಸುಲಭ. ಅಡ್ಡಡ್ಡ ಎಳೆಯಿರಿ. ರಿಬ್ ಬಾಯಿ ಬಿಟ್ಟು ನಡುವೆ ಅಡಗಿದ್ದ ಹಿಂದಿನ ಸಾಲು ಕಾಣುತ್ತದೆ. ಜೆರ್ಸಿಗಿಂತ ಸುಮಾರು ಎರಡು ಪಟ್ಟು ಹಿಗ್ಗಿ, ಬಿಟ್ಟರೆ ವಾಪಸ್ ಬರುತ್ತದೆ. ಕುತ್ತಿಗೆಗೂ ತೋಳಿನ ಪಟ್ಟಿಗೂ ಅದನ್ನೇ ಹಾಕೋದು ಅದಕ್ಕೇ. ಇಂಟರ್‌ಲಾಕ್ ಎರಡೂ ಕಡೆ ಒಂದೇ ತರ, ನುಣುಪು. ಎಳೆದರೆ ರಿಬ್‌ನಷ್ಟು ಹಿಗ್ಗುವುದಿಲ್ಲ.

ಇನ್ನು ಗಿಡ್ಡವಾಗುವ ವಿಷಯ. ಹತ್ತಿಯ ಹೆಣಿಗೆ ಬಟ್ಟೆಯನ್ನು ಮಿಲ್‌ನಲ್ಲಿ ಹೆಣೆಯುವಾಗ, ಬಣ್ಣ ಹಾಕುವಾಗ, ಒಣಗಿಸುವಾಗ ಉದ್ದಕ್ಕೆ ಎಳೆದಿರುತ್ತಾರೆ. ನೀರು ತಾಗಿದ ಕೂಡಲೇ ಕುಣಿಕೆಗಳು ಹಳೇ ಆಕಾರಕ್ಕೆ ಮರಳುತ್ತವೆ. ಎಷ್ಟು ಎಳೆದಿದ್ದರು ಅನ್ನೋದರ ಮೇಲೆ ಲೆಕ್ಕ, ಹೆಸರಿನ ಮೇಲಲ್ಲ. ನಾನು ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ತಂದ ಒಂದು ಜೆರ್ಸಿಯ ಮೇಲೆ ಪೆನ್ನಿನಲ್ಲಿ 50 ಸೆಂ.ಮೀ. ಚೌಕ ಬರೆದು ಮೂರು ಸಲ ಒಗೆದೆ. ಉದ್ದ 46.5ಕ್ಕೆ ಇಳಿಯಿತು, ಅಂದರೆ ಶೇ. 7. ಅಗಲ 49. 40 ಸೆಂ.ಮೀ. ಉದ್ದದ ಫ್ರಾಕ್ ಆಗಿದ್ದರೆ 37 ಚಿಲ್ಲರೆಗೆ ನಿಲ್ಲುತ್ತಿತ್ತು. ಅದೇ ಸಲ ತಂದ ಇಂಟರ್‌ಲಾಕ್ ಉದ್ದಕ್ಕಿಂತ ಅಗಲದಲ್ಲೇ ಜಾಸ್ತಿ ಕುಗ್ಗಿತು. ಮೈಗೆ ಬಿಗಿಯಾಗೋದು ಹೀಗೆ.

ನಮ್ಮ ಮಳೆಗಾಲದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಒಮ್ಮೆ ಆಷಾಢದಲ್ಲಿ ಒದ್ದೆ ಜೆರ್ಸಿಯನ್ನು ಜಗಲಿಯ ಹಗ್ಗಕ್ಕೆ ಎರಡು ದಿನ ನೇತುಹಾಕಿದ್ದೆ. ನೀರಿನ ಭಾರಕ್ಕೆ ಜಗ್ಗಿ, ಕುಗ್ಗಲೇ ಇಲ್ಲ ಅನ್ನಿಸಿತು. ನಂಬಿ ಕತ್ತರಿಸಿದೆ. ಹೊಲಿದ ಮೇಲೆ ಬಿಸಿಲಲ್ಲಿ ಹರಡಿ ಒಣಗಿಸಿದ ಮೊದಲ ಸಲವೇ ಅಂಗಿ ಹೊಕ್ಕುಳ ಮೇಲೆ ಬಂತು. ಅದಕ್ಕೇ ಈಗ ಚಾಪೆಯ ಮೇಲೆ ಹರಡಿ, ಫ್ಯಾನ್ ಹಾಕಿ ಒಣಗಿಸುತ್ತೇನೆ. ಆಮೇಲೇ ಅಳೆಯೋದು.

ಹಾಗಾಗಿ ಕತ್ತರಿಸುವ ಮೊದಲೇ ಬಟ್ಟೆ ಒಗೆಯಿರಿ, ಕುತ್ತಿಗೆ ಪಟ್ಟಿಯ ರಿಬ್ಬನ್ನೂ ಜೊತೆಗೇ ಒಗೆಯಿರಿ. ಫ್ರಾಕಿನ ಬಟ್ಟೆ ಮಾತ್ರ ಒಗೆದು ರಿಬ್ ಹಾಗೇ ಹೊಲಿದರೆ, ಅದು ಆಮೇಲೆ ಕುಗ್ಗಿ ಕುತ್ತಿಗೆ ಸುಕ್ಕಾಗುತ್ತದೆ, ತಲೆ ತೂರಿಸೋದೂ ಕಷ್ಟ. ನಾನು 40 ಸೆಂ.ಮೀ. ಸುತ್ತಳತೆಗೆ 34 ಸೆಂ.ಮೀ. ರಿಬ್ ಇಟ್ಟು, ಹೊಲಿಗೆಗೆ 2 ಸೇರಿಸುತ್ತೇನೆ. ಜೆರ್ಸಿಯ ಅಂಚು ಸುತ್ತದಂತೆ ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡಿ ಕತ್ತರಿಸಿದರೆ ಸಾಕು. ಹೊಲಿದ ಮೇಲೆ ಒಗೆದರೆ ಗಂಜಿ ಹೋಗುತ್ತದೆ.