ಪ್ರಶ್ನೆಯಿಲ್ಲದೆ ಬಂದ ವರದಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ರಾತ್ರಿ ಹತ್ತೂಮುಕ್ಕಾಲಿಗೆ ಗೊತ್ತಿಲ್ಲದ ಸಂಖ್ಯೆಯಿಂದ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ನಮಸ್ಕಾರವಾಗಲಿ, ಹೆಸರಾಗಲಿ, ಪ್ರಶ್ನೆಯಾಗಲಿ ಜೊತೆಗಿರಲಿಲ್ಲ. ಹೂವಿನ ಚಿತ್ತಾರದ ಹೊದಿಕೆಯ ಮೇಲೆ ಹರಡಿ ತೆಗೆದ ಪ್ರಯೋಗಾಲಯದ ವರದಿ ಅದು. ನಾಲ್ಕಾಗಿ ಮಡಿಸಿಟ್ಟ ಗೆರೆಗಳು ಕಾಗದದ ಮೇಲೆ ಸ್ಪಷ್ಟವಾಗಿದ್ದವು. ಹೆಸರಿರುವ ಜಾಗವನ್ನು ಒಂದು ಹೆಬ್ಬೆರಳು ಮುಚ್ಚಿತ್ತು, ಅದರ ಉಗುರಿನಲ್ಲಿ ಮದರಂಗಿಯ ಬಣ್ಣ ಅರ್ಧ ಮಾಸಿತ್ತು. ವೀರ್ಯ ಪರೀಕ್ಷೆಯ ವರದಿ ಎಂಬುದು ನೋಡಿದೊಡನೆ ತಿಳಿಯಿತು. ವೀರ್ಯದ ಪ್ರಮಾಣ 1.8 ಮಿಲಿಲೀಟರ್ ಎಂದಿತ್ತು, ವೀರ್ಯಾಣುಗಳ ಸಂಖ್ಯೆಯ ಎದುರಿಗೆ ‘ನಿಲ್’ ಎಂದು ಬರೆದು ಕೆಳಗೆ ಗೆರೆ ಎಳೆಯಲಾಗಿತ್ತು.

ಆ ‘ನಿಲ್’ನ ಅರ್ಥ ನನಗೆ ಗೊತ್ತಿತ್ತು. ಆದರೂ ಅದನ್ನು ಬರೆಯಲಿಲ್ಲ. ನಾನು ಕಳಿಸಿದ ಉತ್ತರ ಇಷ್ಟು: “ನಮಸ್ಕಾರ. ನೀವು ಕಳಿಸಿದ ಚಿತ್ರ ತಲುಪಿದೆ. ನಾನು ಆಪ್ತಸಲಹೆಗಾರ್ತಿ, ವೈದ್ಯಳಲ್ಲ. ಆದ್ದರಿಂದ ವರದಿಯ ಅರ್ಥವನ್ನು ವೈದ್ಯರಿಂದಲೇ ತಿಳಿಯುವುದು ಸರಿ, ಒಂದೇ ಕಾಗದ ನೋಡಿ ಎಲ್ಲವನ್ನೂ ನಿರ್ಧರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಇಂಥ ಕಾಗದ ಕೈಯಲ್ಲಿರುವಾಗ ಮನಸ್ಸು ಕಲಕುವುದು ಸಹಜ. ಮಾತನಾಡಬೇಕೆನಿಸಿದರೆ ನಿಮಗೆ ಅನುಕೂಲವಾದ ಹೊತ್ತನ್ನು ತಿಳಿಸಿ. ಈಗ ಏನೂ ಹೇಳಲು ಮನಸ್ಸಿಲ್ಲದಿದ್ದರೂ ತೊಂದರೆಯಿಲ್ಲ. ರಾತ್ರಿ ತೀರಾ ಕಷ್ಟವೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ.”

ಈ ಉತ್ತರದಲ್ಲಿ ಪರೀಕ್ಷೆಯ ಹೆಸರಿಲ್ಲ, ‘ನಿಮ್ಮ ವರದಿ’ ಎಂಬ ಮಾತಿಲ್ಲ, ‘ನಿಮ್ಮ ಪತಿ’ ಎಂಬ ಮಾತೂ ಇಲ್ಲ. ಮದರಂಗಿಯ ಉಗುರು ನೋಡಿ ಕಳಿಸಿದವರು ಹೆಂಡತಿಯೇ ಎಂದುಕೊಳ್ಳುವುದು ಸುಲಭವಾಗಿತ್ತು, ಆದರೆ ಆ ಬೆರಳು ಅಕ್ಕನದೋ ತಾಯಿಯದೋ ಆಗಿರಬಹುದಿತ್ತು. ವರದಿ ಯಾರದು, ಅವರಿಗೆ ವಿಷಯ ತಿಳಿದಿದೆಯೇ, ಕಳಿಸಿದವರ ಫೋನನ್ನು ಮನೆಯಲ್ಲಿ ಬೇರೆ ಯಾರು ತೆರೆದು ನೋಡುತ್ತಾರೆ ಎಂಬ ಯಾವುದೂ ನನಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ನನ್ನ ಸಂದೇಶದ ಮೊದಲ ಸಾಲು ಮೂಡಿದಾಗ ಪಕ್ಕದಲ್ಲಿ ಕುಳಿತವರು ಓದಿದರೂ ಯಾರ ಗುಟ್ಟೂ ಹೊರಬೀಳಬಾರದು ಎಂಬ ಎಚ್ಚರದಿಂದ ಪದಗಳನ್ನು ಆರಿಸಿದೆ. ಈ ಎಚ್ಚರ ಬಂದದ್ದು ನನ್ನದೇ ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಹೀಗೆಯೇ ಬಂದ ಇನ್ನೊಂದು ವರದಿಯನ್ನು ಸಾಲುಸಾಲಾಗಿ ವಿವರಿಸಿಬಿಟ್ಟಿದ್ದೆ, ಅದನ್ನು ಕಳಿಸಿದ್ದು ತಾಯಿಯ ವರದಿಯನ್ನು ಕದ್ದು ಓದಿದ ಮಗಳು. ತಾಯಿಗೆ ವೈದ್ಯರು ಇನ್ನೂ ಹೇಳಿರದ ಸಂಗತಿಯನ್ನು ಆ ಹುಡುಗಿ ಒಬ್ಬಳೇ ಮೂರು ದಿನ ಎದೆಯಲ್ಲಿಟ್ಟುಕೊಂಡು ತಿರುಗಿದಳು.

ಚಿತ್ರ ನನ್ನ ಫೋನಿನ ಗ್ಯಾಲರಿಗೆ ಇಳಿದಿಲ್ಲವೆಂದು ನೋಡಿಕೊಂಡು ಮಲಗಿದೆ. ನೀಲಿ ಗುರುತು ಆಗಲೇ ಬಿದ್ದಿತ್ತು. ಮತ್ತೆ ಸಂದೇಶ ಕಳಿಸಿ ಒತ್ತಾಯಿಸಲಿಲ್ಲ.

ಮರುದಿನ ಮಧ್ಯಾಹ್ನ ಎರಡು ಸಾಲು ಬಂದವು. “ಮೇಡಂ, ಅದು ನಮ್ಮನೆಯವರದು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.” ಸಂಜೆ ಕರೆ ಮಾಡಿದಾಗ ಉಳಿದದ್ದನ್ನು ಹೇಳಿದರು. ಮದುವೆಯಾಗಿ ಆರು ವರ್ಷವಾಗಿತ್ತು. ಅತ್ತೆ ಹೇಳಿದ ಹರಕೆಗಳನ್ನೆಲ್ಲ ತೀರಿಸಿದ್ದರು, ಅಂಡಾಣು ಬೆಳೆಯಲೆಂದು ಮಾತ್ರೆ ನುಂಗಿದ್ದರು, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇಯ ನೋವನ್ನೂ ಸಹಿಸಿದ್ದರು. ಬೀರುವಿನಲ್ಲಿ ಇಸ್ತ್ರಿಯ ಅಂಗಿಗಳನ್ನು ಜೋಡಿಸುವಾಗ ಸಿಕ್ಕಿದ ವರದಿಗೆ ಐದು ತಿಂಗಳಾಗಿತ್ತು, ಎಕ್ಸ್‌ರೇ ನಡೆದದ್ದು ಅದಾದ ಮೇಲೆ. ‘ನಿಲ್’ ಎಂದರೇನು ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ, ಅದು ಅವರಿಗೆ ಅರ್ಥವಾಗಿತ್ತು. ಬಹಳ ಹೊತ್ತಿನ ಮೇಲೆ ಬಂದ ಪ್ರಶ್ನೆಯೇ ಬೇರೆ: “ನಾನು ಕೇಳಿದರೆ ಇವರು ಏನಾದರೂ ಮಾಡಿಕೊಂಡುಬಿಟ್ಟರೆ?”

ಹಿಂದಿನ ರಾತ್ರಿ ನಾನು ವರದಿಯನ್ನು ವಿವರಿಸಿದ್ದರೆ ಅವರಿಗೆ ತಿಳಿದದ್ದನ್ನೇ ತಿಳಿಸಿ, ಅವರ ನಿಜವಾದ ಭಯಕ್ಕೆ ಜಾಗವಿಲ್ಲದಂತೆ ಮಾಡುತ್ತಿದ್ದೆ.

ಆ ಭಯವನ್ನು ಮೊದಲು ವಿಚಾರಿಸಿದೆ. ಪತಿ ಸಾಯುವ ಮಾತಾಡಿದ್ದುಂಟೇ, ನಿದ್ದೆ ಊಟ ಬಿಟ್ಟಿದ್ದಾರೆಯೇ, ಕುಡಿತ ಹೆಚ್ಚಾಗಿದೆಯೇ, ಮನೆಯಲ್ಲಿ ಕೀಟನಾಶಕ ಕೈಗೆ ಸಿಗುವಂತಿದೆಯೇ ಎಂದು ನೇರವಾಗಿಯೇ ಕೇಳಿದೆ. ಮೌನ ಹೆಚ್ಚಾಗಿದೆ ಎಂಬುದನ್ನು ಬಿಟ್ಟು ಬೇರೆ ಲಕ್ಷಣಗಳಿರಲಿಲ್ಲ. ಇದ್ದಿದ್ದರೆ ದಂಪತಿಯ ಮಾತುಕತೆಯನ್ನು ಮುಂದೂಡಿ ಮನೋವೈದ್ಯರ ನೆರವನ್ನು ಮೊದಲು ಏರ್ಪಡಿಸುತ್ತಿದ್ದೆ.

ನಂತರ ಹೇಗೆ ಮಾತೆತ್ತುವುದು ಎಂಬುದನ್ನು ಇಬ್ಬರೂ ಸೇರಿ ಯೋಚಿಸಿದೆವು. ಗೋಡೆಯಾಚೆ ಅತ್ತೆ ಮಾವ ಮಲಗಿರುವ ಮನೆಯಲ್ಲಿ ರಾತ್ರಿ ಬೇಡ, ಕಾಗದವನ್ನು ಎದುರಿಗಿಟ್ಟು ಸಾಕ್ಷಿ ಹಿಡಿದಂತೆಯೂ ಬೇಡ, ಹಿರಿಯರ ಮೂಲಕವಂತೂ ಬೇಡವೇ ಬೇಡ ಎಂದೆ. ಅವರು ತಮ್ಮ ಕೋಪವನ್ನು ನುಂಗಿಕೊಂಡು ಬರೀ ಕನಿಕರ ತೋರಿಸಬೇಕೆಂದುಕೊಂಡಿದ್ದರು. ಅದನ್ನು ನಾನು ಒಪ್ಪಲಿಲ್ಲ, ಏಕೆಂದರೆ ಮುಚ್ಚಿಟ್ಟ ಕೋಪ ಮುಂದೆ ಯಾವುದೋ ಜಗಳದಲ್ಲಿ ಇದೇ ವರದಿಯನ್ನು ಆಯುಧ ಮಾಡಿಕೊಳ್ಳುತ್ತದೆ. ಕೊನೆಗೆ ಅವರೇ ಹೊಂದಿಸಿಕೊಂಡ ಮಾತು ಹೀಗಿತ್ತು: “ಬಟ್ಟೆ ಇಡುವಾಗ ಆ ಕಾಗದ ಕಂಡೆ. ಹೇಳಲಿಲ್ಲವಲ್ಲ ಅಂತ ಸಿಟ್ಟು ಬಂತು. ಐದು ತಿಂಗಳು ಒಬ್ಬರೇ ಹೊತ್ತುಕೊಂಡಿದ್ದೀರಲ್ಲ ಅಂತ ಸಂಕಟವೂ ಆಯಿತು.” ಒಂದು ಭಾನುವಾರ ಕೆರೆ ಏರಿಯ ಮೇಲೆ ನಡೆಯುವಾಗ ಇದನ್ನು ಹೇಳಿದರಂತೆ. ಪತಿ ಬೈಕಿಗೆ ಒರಗಿ ನಿಂತು ಬಹಳ ಹೊತ್ತು ಅತ್ತರು.

ಮುಂದಿನ ವಾರ ಇಬ್ಬರೂ ಬಂದರು. ವರದಿಯ ಬಗ್ಗೆ ಬಾಯಿ ತೆರೆಯಲು ನನಗೆ ಒಪ್ಪಿಗೆ ಸಿಕ್ಕಿದ್ದು ಆಗ, ಏಕೆಂದರೆ ಅದರ ಒಡೆಯರೇ ಎದುರಿಗಿದ್ದರು. ಅವರ ಮನಸ್ಸಿನಲ್ಲಿ ‘ನಿಲ್’ ಎಂಬುದು ಗಂಡಸುತನದ ಮೇಲೆ ಬಿದ್ದ ತೀರ್ಪಾಗಿತ್ತು. ವೀರ್ಯದ ಬಹುಪಾಲು ದ್ರವ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುತ್ತದೆ, ವೀರ್ಯಾಣುವಿನ ಪಾಲು ತೀರಾ ಚಿಕ್ಕದು, ಆದ್ದರಿಂದ ಅದಿಲ್ಲವೆಂಬುದಕ್ಕೂ ದಾಂಪತ್ಯದ ಸಾಮರ್ಥ್ಯಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದಾಗ ಅವರು ಮೊದಲ ಸಲ ತಲೆಯೆತ್ತಿ ನೋಡಿದರು.

ಆ ಕಾಗದದಲ್ಲಿ ಇಲ್ಲದಿದ್ದ ಸಂಗತಿಗಳೂ ಮುಖ್ಯವಾಗಿದ್ದವು. ಪರೀಕ್ಷೆಗೆ ಮುಂಚೆ ವೀರ್ಯಸ್ಖಲನವಿಲ್ಲದೆ ಎಷ್ಟು ದಿನದ ಅಂತರವಿತ್ತು ಎಂಬ ಜಾಗ ಖಾಲಿಯಿತ್ತು, ಅದು 2ರಿಂದ 7 ದಿನ ಇರಬೇಕು. ಮೊದಲ ನೋಟಕ್ಕೆ ವೀರ್ಯಾಣು ಕಾಣದಿದ್ದಾಗ ಮಾದರಿಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಳದಲ್ಲಿ ನಿಂತದ್ದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು, ಹಾಗೆ ಮಾಡಿದ ಉಲ್ಲೇಖವಿರಲಿಲ್ಲ. ಕೇಳಿದಾಗ, ಮಾದರಿಯ ಮೊದಲ ಭಾಗ ಚೆಲ್ಲಿಹೋಗಿತ್ತೆಂದು ಅವರು ಸಂಕೋಚದಿಂದ ಹೇಳಿದರು. ವೀರ್ಯಾಣುಗಳು ಹೆಚ್ಚಾಗಿರುವುದು ಆ ಭಾಗದಲ್ಲೇ. ಇದರಿಂದ ಫಲಿತಾಂಶ ಬದಲಾಗುತ್ತದೆ ಎಂದು ನಾನು ಭರವಸೆ ಕೊಡಲಿಲ್ಲ. ಒಂದೇ ಪರೀಕ್ಷೆಯ ಮೇಲೆ ನಿಲ್ಲದೆ ಎರಡನೆಯದನ್ನು ಸರಿಯಾಗಿ ಮಾಡಿಸಿ, ಮೂತ್ರರೋಗ ಅಥವಾ ಪುರುಷ ಬಂಜೆತನದ ತಜ್ಞರಿಗೆ ತೋರಿಸಬೇಕು, ಉತ್ಪತ್ತಿಯಲ್ಲೇ ಕೊರತೆಯೋ ದಾರಿಯಲ್ಲಿ ತಡೆಯೋ ಎಂಬುದನ್ನು ಅವರು ದೇಹ ಪರೀಕ್ಷೆ ಮತ್ತು ಹಾರ್ಮೋನ್ ಪರೀಕ್ಷೆಗಳಿಂದ ಹುಡುಕುತ್ತಾರೆ ಎಂದಷ್ಟೇ ಹೇಳಿದೆ.

ಎರಡನೆಯ ಪರೀಕ್ಷೆಯಲ್ಲೂ ವೀರ್ಯಾಣು ಸಿಗಲಿಲ್ಲ. ಹಾರ್ಮೋನ್‌ಗಳು ಸರಿಯಿದ್ದ ಕಾರಣ ದಾರಿಯಲ್ಲಿ ತಡೆಯಿರಬಹುದೆಂದು ತಜ್ಞರು ಮುಂದಿನ ತಪಾಸಣೆ ಸೂಚಿಸಿದ್ದಾರೆ. ಅತ್ತೆಗೆ ಏನು ಹೇಳುವುದು ಎಂಬುದು ಉಳಿದಿತ್ತು. ವಿವರವನ್ನು ಯಾರಿಗೂ ಕೊಡಬೇಕಾಗಿಲ್ಲ, ಆದರೆ ಹೆಂಡತಿಯ ಮೇಲೆ ಬೀಳುತ್ತಿರುವ ಮಾತನ್ನು ಪತಿಯೇ ತಡೆಯಬೇಕು ಎಂಬುದು ನನ್ನ ಸಲಹೆಯಾಗಿತ್ತು. ಅವರು ಒಂದು ಸಂಜೆ ತಾಯಿಯ ಮುಂದೆ ಕುಳಿತು, “ಅಮ್ಮಾ, ಇಬ್ಬರಿಗೂ ಪರೀಕ್ಷೆ ನಡೀತಾ ಇದೆ, ಅವಳಲ್ಲಿ ಏನೂ ದೋಷ ಇಲ್ಲ, ಇನ್ನು ಆ ಮಾತು ಬೇಡ” ಎಂದರಂತೆ.